‘ದೇರ್ ಈಸ್’ ಸರಿಯೇ, ‘ದೇರ್ ಆರ್’ ಸರಿಯೇ? ಹಲವು ನಾಮಪದಗಳು ಒಟ್ಟಿಗೆ ಬಂದಾಗ ಕ್ರಿಯಾಪದವನ್ನು ಪರಿಶೀಲಿಸುವ ಕ್ರಮ

ಕನ್ನಡದಲ್ಲಿ ‘ಕೋಣೆಯಲ್ಲಿ ಒಂದು ಮೇಜು ಮತ್ತು ನಾಲ್ಕು ಕುರ್ಚಿಗಳಿವೆ’ ಎಂದು ಬರೆಯುವಾಗ ಕ್ರಿಯಾಪದದ ವಿಷಯದಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಮೇಜು, ಕುರ್ಚಿ ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಕ್ರಿಯಾಪದ ಬರುವುದರಿಂದ, ಅಲ್ಲಿಗೆ ತಲುಪುವಷ್ಟರಲ್ಲಿ ಪಟ್ಟಿಯಲ್ಲಿ ಎಷ್ಟು ವಸ್ತುಗಳಿವೆ ಎಂಬುದು ಬರೆಯುವವರಿಗೆ ತಿಳಿದಿರುತ್ತದೆ. ಇದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆಯಲು ಕುಳಿತರೆ ಕ್ರಮ ತಿರುಗುಮುರುಗಾಗುತ್ತದೆ. ಮೊದಲು ‘ದೇರ್’, ಅದರ ಬೆನ್ನಿಗೇ ಕ್ರಿಯಾಪದ, ಆಮೇಲೆ ಪಟ್ಟಿ. ಮೇಜು, ಕುರ್ಚಿ ಯಾವುದೂ ಬಾಯಿಗೆ ಬರುವ ಮೊದಲೇ ‘ಈಸ್’ ಎನ್ನಬೇಕೇ ‘ಆರ್’ ಎನ್ನಬೇಕೇ ಎಂದು ತೀರ್ಮಾನಿಸಬೇಕು. ಮೊದಲ ವಸ್ತು ಏಕವಚನದಲ್ಲಿದ್ದು ಅದರ ಹಿಂದೆ ‘ಆ್ಯಂಡ್’ ಸೇರಿ ಇನ್ನಷ್ಟು ವಸ್ತುಗಳು ಬರುವ ವಾಕ್ಯಗಳಲ್ಲಿ ಈ ತೀರ್ಮಾನ ನಿಜಕ್ಕೂ ಕಷ್ಟದ್ದು. ಇಂಗ್ಲಿಷನ್ನೇ ಮಾತೃಭಾಷೆಯಾಗಿ ಉಳ್ಳವರೂ ಇಲ್ಲಿ ಒಂದೇ ರೀತಿ ಬರೆಯುವುದಿಲ್ಲ. ಅರ್ಜಿ, ವರದಿ, ಪರೀಕ್ಷೆಯ ಉತ್ತರ ಮುಂತಾದ ಬರವಣಿಗೆಯಲ್ಲಿ ಇಂತಹ ವಾಕ್ಯ ಎದುರಾದಾಗ ಅದನ್ನು ಯಾವ ಕ್ರಮದಲ್ಲಿ ಪರಿಶೀಲಿಸಬೇಕು, ಯಾವ ರೂಪವನ್ನು ಉಳಿಸಿಕೊಳ್ಳಬೇಕು, ಯಾವಾಗ ವಾಕ್ಯವನ್ನೇ ಬದಲಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಯ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಅವುಗಳನ್ನು ಗಟ್ಟಿಯಾಗಿ ಓದಿಕೊಂಡರೆ ವ್ಯತ್ಯಾಸ ಕಿವಿಗೂ ತಿಳಿಯುತ್ತದೆ.

ಮೊದಲ ಹೆಜ್ಜೆ: ‘ದೇರ್’ ಯಾವ ಕೆಲಸ ಮಾಡುತ್ತಿದೆ ಎಂದು ನೋಡುವುದು

‘ದೇರ್’ ಎಂಬ ಪದಕ್ಕೆ ಎರಡು ಕೆಲಸಗಳಿವೆ. ಒಂದು, ‘ಅಲ್ಲಿ’ ಎಂದು ಬೆರಳು ಮಾಡಿ ತೋರಿಸುವುದು. ಇನ್ನೊಂದು, ಏನೋ ಇದೆ ಎಂದು ತಿಳಿಸಲು ವಾಕ್ಯದ ಆರಂಭದ ಜಾಗವನ್ನು ಸುಮ್ಮನೆ ತುಂಬುವುದು. ಈ ಎರಡನೆಯ ‘ದೇರ್’ಗೆ ಕನ್ನಡದಲ್ಲಿ ಸಮಾನವಾದ ಪದವಿಲ್ಲ, ಅದರ ಅಗತ್ಯವೂ ಇಲ್ಲ. ‘ದೇರ್ ಈಸ್ ಎ ಸ್ನೇಕ್ ಇನ್ ದ ಗಾರ್ಡನ್’ ಎಂಬುದನ್ನು ‘ತೋಟದಲ್ಲಿ ಹಾವಿದೆ’ ಎಂದು ಹೇಳಿದಾಗ ‘ದೇರ್’ ಪೂರ್ತಿ ಮಾಯವಾಗುತ್ತದೆ. ಅನುವಾದದಲ್ಲಿ ‘ಅಲ್ಲಿ’ ಎಂಬ ಮಾತು ಬೇಕೇ ಬೇಕು ಎನಿಸಿದರೆ ಅದು ತೋರಿಸುವ ‘ದೇರ್’, ಬೇಡ ಎನಿಸಿದರೆ ನಮಗೆ ಸಂಬಂಧಿಸಿದ ‘ದೇರ್’. ವಾಕ್ಯದ ಕೊನೆಗೆ ‘ಈಸಂಟ್ ದೇರ್’ ಅಥವಾ ‘ಆರಂಟ್ ದೇರ್’ ಎಂಬ ಪುಟ್ಟ ಪ್ರಶ್ನೆ ಸಹಜವಾಗಿ ಹೊಂದಿಕೊಂಡರೂ ಅದು ಎರಡನೆಯ ಬಗೆಯದೇ.

ಇದು ಖಚಿತವಾದ ಮೇಲೆ ನೆನಪಿಡಬೇಕಾದದ್ದು ಒಂದೇ. ವಾಕ್ಯದ ಮೊದಲಲ್ಲಿ ಕುಳಿತಿದ್ದರೂ ‘ದೇರ್’ ತಾನಾಗಿ ಏಕವಚನವೂ ಅಲ್ಲ, ಬಹುವಚನವೂ ಅಲ್ಲ. ವಚನವನ್ನು ನಿರ್ಧರಿಸುವ ನಾಮಪದಗಳು ಕ್ರಿಯಾಪದದ ನಂತರ ಇರುತ್ತವೆ. ಕಣ್ಣು ಹಾಯಿಸಬೇಕಾದದ್ದು ಬಲಕ್ಕೆ.

ಎರಡನೆಯ ಹೆಜ್ಜೆ: ನಿಜವಾದ ಕರ್ತೃವನ್ನು ಬಿಡಿಸಿ ನೋಡುವುದು

ಕ್ರಿಯಾಪದದ ನಂತರ ಬರುವುದೆಲ್ಲವೂ ಕರ್ತೃವಲ್ಲ. ‘ದೇರ್ ಈಸ್ ಎ ಹೌಸ್ ವಿತ್ ಟೂ ವೆಲ್ಸ್’ ಎಂಬ ವಾಕ್ಯದಲ್ಲಿ ಬಾವಿಗಳು ಎರಡಿದ್ದರೂ ವಾಕ್ಯ ಇದೆ ಎಂದು ಹೇಳುತ್ತಿರುವುದು ಮನೆಯನ್ನು ಮಾತ್ರ. ಬಾವಿಗಳು ಆ ಮನೆಯ ವಿವರಣೆಯೊಳಗೆ ಸೇರಿಕೊಂಡಿವೆ. ಆದ್ದರಿಂದ ‘ಈಸ್’ ಸರಿ. ‘ಅಲಾಂಗ್ ವಿತ್’, ‘ಟುಗೆದರ್ ವಿತ್’, ‘ಆ್ಯಸ್ ವೆಲ್ ಆ್ಯಸ್’, ‘ಇನ್ ಅಡಿಷನ್ ಟು’ ಇವುಗಳ ಸ್ವಭಾವವೂ ಇದೇ. ಅವು ತಮ್ಮ ನಂತರ ಬರುವ ನಾಮಪದವನ್ನು ಮೊದಲಿನದಕ್ಕೆ ಜೋಡಿಸಿದಂತೆ ಕಂಡರೂ ವಚನದ ಲೆಕ್ಕಕ್ಕೆ ತರುವುದಿಲ್ಲ. ಎರಡು ನಾಮಪದಗಳನ್ನು ಸಮಾನ ಸ್ಥಾನದಲ್ಲಿ ಕೂಡಿಸಿ ಸಂಯುಕ್ತ ಕರ್ತೃವನ್ನು ಬಹುವಚನವಾಗಿಸುವ ಶಕ್ತಿ ಇರುವುದು ‘ಆ್ಯಂಡ್’ಗೆ ಮಾತ್ರ.

ಇದನ್ನು ಪರೀಕ್ಷಿಸಲು ‘ದೇರ್’ ತೆಗೆದುಹಾಕಿ ನಾಮಪದಗಳನ್ನು ವಾಕ್ಯದ ಮೊದಲಿಗೆ ತರಬೇಕು. ‘ದೇರ್ ___ ಎ ಟೇಬಲ್ ಆ್ಯಂಡ್ ಫೋರ್ ಚೇರ್ಸ್ ಇನ್ ದ ರೂಮ್’ ಎಂಬುದು ‘ಎ ಟೇಬಲ್ ಆ್ಯಂಡ್ ಫೋರ್ ಚೇರ್ಸ್ ___ ಇನ್ ದ ರೂಮ್’ ಎಂದಾಗುತ್ತದೆ. ಈಗ ಖಾಲಿ ಜಾಗಕ್ಕೆ ‘ಆರ್’ ಬಿಟ್ಟು ಬೇರೇನೂ ಹೊಂದುವುದಿಲ್ಲ. ನಮ್ಮ ಕನ್ನಡದ ಅಭ್ಯಾಸಕ್ಕೆ ಈ ಪರೀಕ್ಷೆ ತುಂಬ ಹತ್ತಿರದ್ದು, ಏಕೆಂದರೆ ಕ್ರಿಯಾಪದ ಪಟ್ಟಿಯ ಹಿಂದಕ್ಕೆ ಬಂದುಬಿಟ್ಟಿದೆ. ‘ಆ್ಯಂಡ್’ನಿಂದ ಕೂಡಿದ ಕರ್ತೃವಿಗೆ ವ್ಯಾಕರಣದ ಕಟ್ಟುನಿಟ್ಟಾದ ಉತ್ತರ ಏನು ಎಂಬುದನ್ನು ಈ ಪರೀಕ್ಷೆ ತಿಳಿಸುತ್ತದೆ. ಆದರೆ ಆ ಉತ್ತರ ‘ದೇರ್’ ವಾಕ್ಯದಲ್ಲಿ ಎಷ್ಟು ಸಹಜವಾಗಿ ಕೇಳಿಸುತ್ತದೆ ಎಂಬುದನ್ನು ತಿಳಿಸುವುದಿಲ್ಲ. ಅದಕ್ಕೆ ಮುಂದಿನ ಹೆಜ್ಜೆ ಬೇಕು.

ಕನ್ನಡಿಗರು ಇಲ್ಲಿ ಇನ್ನೊಂದು ಎಚ್ಚರ ವಹಿಸಬೇಕು. ‘ಒಬ್ಬ ಮುಖ್ಯೋಪಾಧ್ಯಾಯರಿದ್ದಾರೆ’ ಎಂದು ನಾವು ಗೌರವದಿಂದ ಬಹುವಚನದ ಕ್ರಿಯಾಪದ ಬಳಸುತ್ತೇವೆ. ಇಂಗ್ಲಿಷಿನಲ್ಲಿ ಗೌರವಕ್ಕೆ ವಚನ ಬದಲಾಗುವುದಿಲ್ಲ. ವ್ಯಕ್ತಿ ಒಬ್ಬರೇ ಆಗಿದ್ದರೆ ‘ಈಸ್’. ಹಾಗೆಯೇ ಕನ್ನಡದ ‘ಇಲ್ಲ’ ಎಂಬ ಪದ ಒಂದಕ್ಕೂ ಹಲವಕ್ಕೂ ಒಂದೇ ರೂಪದಲ್ಲಿ ನಿಲ್ಲುತ್ತದೆ. ಆದ್ದರಿಂದ ನಿಷೇಧದ ವಾಕ್ಯಗಳನ್ನು ಇಂಗ್ಲಿಷಿಗೆ ತರುವಾಗ ವಚನವನ್ನು ನೋಡುವ ಅಭ್ಯಾಸವೇ ತಪ್ಪಿಹೋಗಿರುತ್ತದೆ. ‘ಬಸ್ಸುಗಳಿಲ್ಲ’ ಎಂಬುದಕ್ಕೆ ‘ದೇರ್ ಈಸ್ ನೋ ಬಸಸ್’ ಎಂದು ಬರೆಯುವ ತಪ್ಪಿಗೆ ಮೂಲ ಇದು. ಅಲ್ಲಿ ‘ಆರ್’ ಬೇಕು.

ಮೂರನೆಯ ಹೆಜ್ಜೆ: ಪಟ್ಟಿಯ ಮೊದಲ ನಾಮಪದವನ್ನು ನೋಡುವುದು

ಇಡೀ ವಿಷಯದ ತಿರುಳು ಇರುವುದು ಇಲ್ಲಿ. ‘ಆ್ಯಂಡ್’ನಿಂದ ಕೂಡಿದ ಪಟ್ಟಿಯಲ್ಲಿ ಮೊದಲ ನಾಮಪದ ಬಹುವಚನದಲ್ಲಿದ್ದರೆ ಚಿಂತೆಯೇ ಇಲ್ಲ. ‘ದೇರ್ ಆರ್ ಫೋರ್ ಚೇರ್ಸ್ ಆ್ಯಂಡ್ ಎ ಟೇಬಲ್ ಇನ್ ದ ರೂಮ್’ ಎಂಬ ವಾಕ್ಯವನ್ನು ನಿಯಮವೂ ಒಪ್ಪುತ್ತದೆ, ಕಿವಿಯೂ ಒಪ್ಪುತ್ತದೆ. ಮೊದಲ ನಾಮಪದ ಏಕವಚನದಲ್ಲಿದ್ದಾಗ ಮಾತ್ರ ಇವೆರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ.

ನಿಯಮದ ಪ್ರಕಾರ ಬರೆಯಬೇಕಾದದ್ದು ‘ದೇರ್ ಆರ್ ಎ ಟೇಬಲ್ ಆ್ಯಂಡ್ ಫೋರ್ ಚೇರ್ಸ್’. ಇದನ್ನು ಗಟ್ಟಿಯಾಗಿ ಓದಿ ನೋಡಿ. ‘ಆರ್’ ಮತ್ತು ‘ಎ’ ಒಂದಕ್ಕೊಂದು ಅಂಟಿಕೊಂಡು ನಿಂತಾಗ ಬಹುವಚನದ ಕ್ರಿಯಾಪದದ ಪಕ್ಕದಲ್ಲೇ ‘ಒಂದು’ ಎಂಬ ಅರ್ಥದ ಪದ ಬಂದು ಎಡವಿದಂತಾಗುತ್ತದೆ. ಈ ಎಡವುವಿಕೆಯಿಂದಾಗಿ ಇಂಗ್ಲಿಷನ್ನು ಚೆನ್ನಾಗಿ ಬಲ್ಲವರೂ, ಮುದ್ರಿತ ಬರವಣಿಗೆಯಲ್ಲೂ, ‘ದೇರ್ ಈಸ್ ಎ ಟೇಬಲ್ ಆ್ಯಂಡ್ ಫೋರ್ ಚೇರ್ಸ್’ ಎಂದು ಬರೆಯುವುದು ಸಾಮಾನ್ಯವಾಗಿದೆ. ಕ್ರಿಯಾಪದ ತನಗೆ ಅತ್ಯಂತ ಹತ್ತಿರವಿರುವ ನಾಮಪದದ ವಚನವನ್ನು ಅನುಸರಿಸುವ ಈ ಪ್ರವೃತ್ತಿಯನ್ನು ಇಂಗ್ಲಿಷ್ ವ್ಯಾಕರಣಕಾರರು ಸಾಮೀಪ್ಯದ ತತ್ತ್ವ ಎಂಬ ಅರ್ಥದ ಹೆಸರಿನಿಂದಲೇ ಗುರುತಿಸಿದ್ದಾರೆ. ರಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಬೃಹತ್ ಇಂಗ್ಲಿಷ್ ವ್ಯಾಕರಣ ಗ್ರಂಥವು ಕರ್ತೃ ಮತ್ತು ಕ್ರಿಯಾಪದಗಳ ಹೊಂದಾಣಿಕೆಯನ್ನು ವಿವರಿಸುವಾಗ ಪದರೂಪದ ಹೊಂದಾಣಿಕೆ, ಅರ್ಥದ ಹೊಂದಾಣಿಕೆ ಮತ್ತು ಸಾಮೀಪ್ಯದ ಹೊಂದಾಣಿಕೆ ಎಂಬ ಮೂರು ಬಲಗಳು ಒಟ್ಟಿಗೆ ಕೆಲಸ ಮಾಡುತ್ತವೆ ಎಂದು ತೋರಿಸಿದೆ. ‘ದೇರ್’ ವಾಕ್ಯದಲ್ಲಿ ಸಾಮೀಪ್ಯದ ಬಲ ಇಷ್ಟು ಹೆಚ್ಚಾಗಲು ಕಾರಣ ಆರಂಭದಲ್ಲಿ ಹೇಳಿದ ಪದಕ್ರಮವೇ. ಮಾತನಾಡುವವರು ಕ್ರಿಯಾಪದವನ್ನು ನುಡಿಯುವ ಹೊತ್ತಿಗೆ ಅವರ ಮನಸ್ಸಿನಲ್ಲಿ ಸ್ಪಷ್ಟವಾಗಿರುವುದು ಪಟ್ಟಿಯ ಮೊದಲ ವಸ್ತು. ಉಳಿದವು ಆಮೇಲೆ ಬಂದು ಸೇರುತ್ತವೆ.

ಹಾಗಾದರೆ ಯಾವುದನ್ನು ಬರೆಯಬೇಕು? ನನ್ನ ಅಭಿಪ್ರಾಯ ಹೀಗಿದೆ. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವ ಪ್ರಶ್ನೆ ಬಂದು, ‘ಆ್ಯಂಡ್’ನಿಂದ ಕೂಡಿದ ಎರಡು ಕರ್ತೃಗಳಿಗೆ ಬಹುವಚನ ಎಂಬ ನಿಯಮವನ್ನು ಪಾಠದಲ್ಲಿ ಹೇಳಿಕೊಟ್ಟಿದ್ದರೆ, ‘ಆರ್’ ತುಂಬುವುದೇ ಕ್ಷೇಮ. ಅಲ್ಲಿ ವಾಕ್ಯವನ್ನು ಬದಲಿಸುವ ಸ್ವಾತಂತ್ರ್ಯ ನಮಗಿಲ್ಲ, ಮೌಲ್ಯಮಾಪಕರ ಕೈಯಲ್ಲಿರುವ ಉತ್ತರಸೂಚಿಯಲ್ಲಿ ಇರುವುದೂ ಬಹುಮಟ್ಟಿಗೆ ಅದೇ. ಸಂಭಾಷಣೆಯಲ್ಲಿ, ಸ್ನೇಹಿತರಿಗೆ ಬರೆಯುವ ಸಂದೇಶದಲ್ಲಿ ‘ಈಸ್’ ಎಂದರೆ ಯಾರೂ ತಪ್ಪು ಹಿಡಿಯಬೇಕಾಗಿಲ್ಲ; ಇನ್ನೊಬ್ಬರು ಹಾಗೆ ಬರೆದಾಗ ಕೆಂಪು ಶಾಯಿಯಿಂದ ಹೊಡೆಯುವುದು ನ್ಯಾಯವೂ ಅಲ್ಲ. ಆದರೆ ಅರ್ಜಿ, ವರದಿ, ಲೇಖನಗಳಲ್ಲಿ ವಾಕ್ಯ ನಮ್ಮ ಕೈಯಲ್ಲೇ ಇರುತ್ತದೆ. ಅಲ್ಲಿ ಒಂದು ರೂಪಕ್ಕೆ ನಿಯಮ ಬಲ್ಲವರು ಹುಬ್ಬೇರಿಸುವಂತೆಯೂ ಇನ್ನೊಂದಕ್ಕೆ ಓದುಗರು ಎಡವುವಂತೆಯೂ ಬಿಡುವ ಬದಲು, ಎರಡೂ ದೂರು ಬಾರದ ಹಾಗೆ ವಾಕ್ಯವನ್ನು ತಿದ್ದಿಕೊಳ್ಳುವುದು ಉತ್ತಮ.

ತಿದ್ದುವ ಅತ್ಯಂತ ಸುಲಭ ಉಪಾಯ ಬಹುವಚನದ ನಾಮಪದವನ್ನು ಮುಂದಕ್ಕೆ ತರುವುದು. ಮೇಜು ಮತ್ತು ಕುರ್ಚಿಗಳ ವಾಕ್ಯದಲ್ಲಿ ನಾಲ್ಕು ಕುರ್ಚಿಗಳು ಮೊದಲು ಬಂದರೆ ‘ಆರ್’ ತಾನಾಗಿ ಹೊಂದಿಕೊಳ್ಳುತ್ತದೆ. ಇದಕ್ಕೆ ಮಿತಿಯಿದೆ. ಪಟ್ಟಿಯಲ್ಲಿರುವ ಎಲ್ಲ ನಾಮಪದಗಳೂ ಏಕವಚನದಲ್ಲಿದ್ದರೆ, ಉದಾಹರಣೆಗೆ ‘ಎ ಬ್ಯಾಂಕ್ ಆ್ಯಂಡ್ ಎ ಪೋಸ್ಟ್ ಆಫೀಸ್’ ಎಂದಿದ್ದರೆ, ಮುಂದೆ ತರಲು ಬಹುವಚನವೇ ಇರುವುದಿಲ್ಲ. ಆಗ ‘ದೇರ್’ ಬಿಟ್ಟು ಊರನ್ನೇ ಕರ್ತೃವಾಗಿಸಬಹುದು: ‘ದ ವಿಲೇಜ್ ಹ್ಯಾಸ್ ಎ ಬ್ಯಾಂಕ್ ಆ್ಯಂಡ್ ಎ ಪೋಸ್ಟ್ ಆಫೀಸ್’. ಇಲ್ಲಿ ಕ್ರಿಯಾಪದ ಹೊಂದಬೇಕಾದದ್ದು ಊರಿಗೆ, ಊರು ಒಂದೇ, ಸಮಸ್ಯೆ ಅಲ್ಲಿಗೇ ಮುಗಿಯಿತು. ಎಣಿಕೆಯನ್ನು ಮುಂದಿಡುವುದೂ ಒಂದು ದಾರಿ: ‘ದೇರ್ ಆರ್ ಟೂ ಪಬ್ಲಿಕ್ ಆಫೀಸಸ್ ಇನ್ ದ ವಿಲೇಜ್, ಎ ಬ್ಯಾಂಕ್ ಆ್ಯಂಡ್ ಎ ಪೋಸ್ಟ್ ಆಫೀಸ್’. ಆದರೆ ಎರಡು ವಸ್ತುಗಳಿಗೂ ಹೊಂದುವ ಸಾಮಾನ್ಯ ಹೆಸರು ಸಿಕ್ಕರೆ ಮಾತ್ರ ಈ ದಾರಿ ಚೆನ್ನ. ಎಳೆದು ತಂದ ಹೆಸರು ವಾಕ್ಯಕ್ಕೆ ಭಾರವಾಗುತ್ತದೆ.

ಕನ್ನಡದಲ್ಲೂ ಇಂತಹ ಇಕ್ಕಟ್ಟನ್ನು ನಾವು ವಾಕ್ಯ ಮುರಿದೇ ಬಿಡಿಸಿಕೊಳ್ಳುತ್ತೇವೆ. ‘ಹೊಲದಲ್ಲಿ ಒಬ್ಬ ರೈತ ಮತ್ತು ಎರಡು ಎತ್ತುಗಳು’ ಎಂದು ಆರಂಭಿಸಿದವರು ಕೊನೆಯಲ್ಲಿ ‘ಇದ್ದಾರೆ’ ಎನ್ನಲೂ ಆಗದೆ ‘ಇವೆ’ ಎನ್ನಲೂ ಆಗದೆ ನಿಲ್ಲುತ್ತಾರೆ. ‘ಹೊಲದಲ್ಲಿ ಒಬ್ಬ ರೈತನಿದ್ದಾನೆ, ಎರಡು ಎತ್ತುಗಳಿವೆ’ ಎಂದು ಬಿಡಿಸಿ ಬರೆದರೆ ಸರಾಗವಾಗುತ್ತದೆ. ಇಂಗ್ಲಿಷಿನಲ್ಲಿ ಮಾಡಬೇಕಾದದ್ದೂ ಅದೇ ಬಗೆಯ ಕೆಲಸ.

ಏಕವಚನವೇ ನಿಲ್ಲುವ ಸಂದರ್ಭಗಳು

‘ಆ್ಯಂಡ್’ ಕಂಡ ಕೂಡಲೇ ‘ಆರ್’ ಬರೆಯುವ ಅಭ್ಯಾಸ ಬೆಳೆಸಿಕೊಂಡರೆ ಬೇರೆ ಕಡೆ ತಪ್ಪಾಗುತ್ತದೆ. ಎರಡು ಹೆಸರುಗಳು ಸೇರಿ ಒಂದೇ ವಸ್ತುವನ್ನು ಸೂಚಿಸುವಾಗ ಏಕವಚನವೇ ಸರಿ. ತಟ್ಟೆಯಲ್ಲಿ ಬೆಣ್ಣೆ ಸವರಿದ ಬ್ರೆಡ್ ಇದ್ದರೆ ‘ದೇರ್ ಈಸ್ ಬ್ರೆಡ್ ಆ್ಯಂಡ್ ಬಟರ್ ಆನ್ ದ ಪ್ಲೇಟ್’. ಅಂಗಡಿಯ ಕಪಾಟಿನಲ್ಲಿ ಬ್ರೆಡ್ಡಿನ ಪೊಟ್ಟಣವೂ ಬೆಣ್ಣೆಯ ಡಬ್ಬಿಯೂ ಬೇರೆ ಬೇರೆಯಾಗಿ ಇದ್ದರೆ ಆ ಒಗ್ಗಟ್ಟು ಇರುವುದಿಲ್ಲ. ನಿರ್ಧರಿಸಬೇಕಾದದ್ದು ಪದಗಳನ್ನು ನೋಡಿ ಅಲ್ಲ, ಕಣ್ಣೆದುರಿನ ವಸ್ತುವನ್ನು ನೋಡಿ.

ಎಣಿಸಲಾಗದ ನಾಮಪದಗಳು ಎರಡು ಸೇರಿದಾಗ ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ಏಳುತ್ತದೆ. ‘ಡಸ್ಟ್ ಆ್ಯಂಡ್ ಸ್ಮೋಕ್’ ಎಂದರೆ ಧೂಳು ಒಂದು, ಹೊಗೆ ಇನ್ನೊಂದು. ಎರಡನೆಯ ಹೆಜ್ಜೆಯ ಪರೀಕ್ಷೆ ‘ಆರ್’ ಎಂದೇ ಹೇಳುತ್ತದೆ. ಆದರೂ ‘ದೇರ್ ಆರ್ ಡಸ್ಟ್ ಆ್ಯಂಡ್ ಸ್ಮೋಕ್ ಎವ್ರಿವೇರ್’ ಎಂಬುದು ಕೃತಕವಾಗಿ ಕೇಳಿಸುತ್ತದೆ, ‘ದೇರ್ ಈಸ್ ಡಸ್ಟ್ ಆ್ಯಂಡ್ ಸ್ಮೋಕ್ ಎವ್ರಿವೇರ್’ ಎಂಬುದು ಸಹಜವಾಗಿ ಬರುತ್ತದೆ. ಎರಡೂ ಬೆರೆತು ಒಂದೇ ಸ್ಥಿತಿಯನ್ನು ವರ್ಣಿಸುತ್ತಿರುವುದರಿಂದ ಅರ್ಥದ ಹೊಂದಾಣಿಕೆ ಮತ್ತು ಸಾಮೀಪ್ಯ ಎರಡೂ ಏಕವಚನದ ಕಡೆಗೆ ವಾಲುತ್ತವೆ. ನಾನು ಇಂತಲ್ಲಿ ಔಪಚಾರಿಕ ಬರವಣಿಗೆಯಲ್ಲೂ ‘ಈಸ್’ ಉಳಿಸಿಕೊಳ್ಳುವ ಪಕ್ಷದವನು. ‘ದೇರ್ ಈಸ್ ಎ ಲಾಟ್ ಆಫ್ ಡಸ್ಟ್ ಆ್ಯಂಡ್ ಸ್ಮೋಕ್’ ಎಂದು ಬರೆದರಂತೂ ಎರಡೂ ಒಂದೇ ಪ್ರಮಾಣದ ಮಾತಿನೊಳಗೆ ಸೇರಿ ತಕರಾರಿಗೆ ಆಸ್ಪದವೇ ಇರುವುದಿಲ್ಲ. ಆದರೆ ‘ಎ ಲಾಟ್ ಆಫ್’ ನಂತರ ಎಣಿಸಬಹುದಾದ ಬಹುವಚನ ಬಂದರೆ, ಉದಾಹರಣೆಗೆ ‘ಎ ಲಾಟ್ ಆಫ್ ಬುಕ್ಸ್ ಆ್ಯಂಡ್ ಎ ಮ್ಯಾಪ್’ ಎಂದಿದ್ದರೆ, ಮುಂದೆ ‘ಎ’ ಇದ್ದರೂ ಕ್ರಿಯಾಪದ ‘ಆರ್’ ಆಗುತ್ತದೆ. ಅಲ್ಲಿ ವಚನವನ್ನು ನಿರ್ಧರಿಸುವುದು ‘ಬುಕ್ಸ್’.

ಹೆಚ್ಚಾಗಿ ಯಾರೂ ಗಮನಿಸದ ಇನ್ನೊಂದು ಸಂದರ್ಭವಿದೆ. ‘ದೇರ್ ಈಸ್ ಎ ಕಾಟ್ ಇನ್ ದ ಫ್ರಂಟ್ ರೂಮ್ ಆ್ಯಂಡ್ ಎ ಕಬರ್ಡ್ ಇನ್ ದ ಬ್ಯಾಕ್ ರೂಮ್’ ಎಂಬ ವಾಕ್ಯದಲ್ಲಿ ಮಂಚಕ್ಕೂ ಕಪಾಟಿಗೂ ಬೇರೆ ಬೇರೆ ಸ್ಥಳ ಹೇಳಲಾಗಿದೆ. ಇದು ಸಂಯುಕ್ತ ಕರ್ತೃವಲ್ಲ. ‘ಆ್ಯಂಡ್’ನ ನಂತರ ‘ದೇರ್ ಈಸ್’ ಎಂಬುದನ್ನು ಮತ್ತೊಮ್ಮೆ ಹೇಳದೆ ಬಿಟ್ಟಿದ್ದಾರೆ, ಅಷ್ಟೆ. ಇವು ಎರಡು ವಾಕ್ಯಗಳಾದ್ದರಿಂದ ಕಟ್ಟುನಿಟ್ಟಾದ ನಿಯಮದ ಪ್ರಕಾರವೂ ‘ಈಸ್’ ಸರಿ, ‘ಆರ್’ ತಪ್ಪು. ಬಿಟ್ಟ ಪದಗಳನ್ನು ಮತ್ತೆ ಸೇರಿಸಿ ಓದಿದಾಗ ವಾಕ್ಯ ಪೂರ್ತಿ ನಿಂತರೆ ಮತ್ತು ಪ್ರತಿ ವಸ್ತುವಿಗೂ ತನ್ನದೇ ಸ್ಥಳವೋ ಕಾಲವೋ ಇದ್ದರೆ, ಅದು ಈ ಬಗೆಯದು. ಆದರೆ ಎರಡನೆಯ ವಸ್ತು ಬಹುವಚನದಲ್ಲಿದ್ದರೆ ಬಿಟ್ಟ ಕ್ರಿಯಾಪದವನ್ನು ಪುನಃ ಬರೆಯುವುದು ಅಚ್ಚುಕಟ್ಟು: ‘ಆ್ಯಂಡ್ ದೇರ್ ಆರ್ ಟೂ ಕಬರ್ಡ್ಸ್ ಇನ್ ದ ಬ್ಯಾಕ್ ರೂಮ್’.

ಯಾರಾದರೂ ಕೇಳಿದ ಪ್ರಶ್ನೆಗೆ ಹೆಸರುಗಳನ್ನು ಒಂದೊಂದಾಗಿ ನೆನಪಿಸಿಕೊಂಡು ಉತ್ತರಿಸುವಾಗಲೂ ಏಕವಚನವೇ ರೂಢಿ. ‘ಹೂ ಕ್ಯಾನ್ ಹೆಲ್ಪ್ ಅಸ್’ ಎಂದು ಕೇಳಿದರೆ ‘ವೆಲ್, ದೇರ್‌ಸ್ ರಮೇಶ್, ಆ್ಯಂಡ್ ಸುಧಾ, ಆ್ಯಂಡ್ ದ ಟೂ ಬಾಯ್ಸ್ ನೆಕ್ಸ್ಟ್ ಡೋರ್’ ಎಂಬ ಉತ್ತರ ಬರುತ್ತದೆ. ಇಲ್ಲಿ ‘ದೇರ್ ಆರ್’ ಹಾಕಿದರೆ ಮಾತು ಬಿಗಿದುಕೊಳ್ಳುತ್ತದೆ. ಆಡುಮಾತಿನಲ್ಲಿ ‘ದೇರ್‌ಸ್’ ಎಂಬ ಈ ಸಂಕ್ಷಿಪ್ತ ರೂಪ ಇನ್ನೂ ಮುಂದೆ ಹೋಗಿ, ಬರೀ ಬಹುವಚನದ ಮುಂದೆಯೂ ‘ದೇರ್‌ಸ್ ಟೂ ಮೆನ್ ಅಟ್ ದ ಡೋರ್’ ಎಂದು ಕೇಳಿಬರುತ್ತದೆ. ಅದನ್ನು ಕೇಳಿಸಿಕೊಂಡಾಗ ಅರ್ಥ ಮಾಡಿಕೊಂಡರೆ ಸಾಕು. ಔಪಚಾರಿಕ ಬರವಣಿಗೆಗೆ ತರಬಾರದು.

‘ಆ್ಯಂಡ್’ ಅಲ್ಲ, ‘ಓರ್’ ಇದ್ದಾಗ

ಆಯ್ಕೆಯನ್ನು ಸೂಚಿಸುವ ‘ಓರ್’ ಇದ್ದರೆ ಸಾಮೀಪ್ಯವೇ ನಿಯಮವಾಗುತ್ತದೆ, ಶಾಲೆಯ ವ್ಯಾಕರಣವೂ ಅದನ್ನೇ ಹೇಳುತ್ತದೆ. ಇಲ್ಲಿ ಆಗುವ ತಪ್ಪು ಬೇರೆ. ಸಾಮಾನ್ಯ ವಾಕ್ಯದಲ್ಲಿ ಕ್ರಿಯಾಪದಕ್ಕೆ ಹತ್ತಿರದ್ದು ಪಟ್ಟಿಯ ಕೊನೆಯ ನಾಮಪದ ಎಂದು ಕಲಿತವರು ‘ದೇರ್’ ವಾಕ್ಯದಲ್ಲೂ ಕೊನೆಯದನ್ನೇ ನೋಡುತ್ತಾರೆ. ಕ್ರಿಯಾಪದ ಪಟ್ಟಿಯ ಮುಂದೆ ಇರುವುದರಿಂದ ಇಲ್ಲಿ ಹತ್ತಿರದ್ದು ಮೊದಲನೆಯದು. ಆದ್ದರಿಂದ ‘ದೇರ್ ಈಸ್ ಈದರ್ ಎ ಟೀಚರ್ ಓರ್ ಟೂ ವಾಲಂಟಿಯರ್ಸ್ ಇನ್ ಈಚ್ ರೂಮ್’ ಎಂದಿರಬೇಕು. ‘ನೈದರ್’ ಮತ್ತು ‘ನಾರ್’ ಜೋಡಿಗೂ ಇದೇ ಲೆಕ್ಕ.

ಒಂದು ಅರ್ಜಿಯನ್ನು ಹಿಡಿದು ನೋಡೋಣ

ಗ್ರಾಮಸ್ಥರೊಬ್ಬರು ತಮ್ಮ ಊರಿನ ಶಾಲೆಗೆ ಸೌಲಭ್ಯ ಕೋರಿ ಬರೆಯುವ ಅರ್ಜಿಯ ಇಂಗ್ಲಿಷ್ ಪ್ರತಿಯನ್ನು ಸಿದ್ಧಪಡಿಸುತ್ತಿದ್ದಾರೆ ಎಂದು ಇಟ್ಟುಕೊಳ್ಳೋಣ. ಕನ್ನಡದಲ್ಲಿ ಅವರ ಬರವಣಿಗೆ ಹೀಗಿದೆ: ‘ನಮ್ಮ ಗ್ರಾಮದಲ್ಲಿ ಒಂದು ಪ್ರಾಥಮಿಕ ಶಾಲೆ, ಎರಡು ಅಂಗನವಾಡಿಗಳು ಮತ್ತು ಒಂದು ಸಮುದಾಯ ಭವನ ಇವೆ. ಶಾಲೆಯಲ್ಲಿ ಇಬ್ಬರು ಸಹಶಿಕ್ಷಕರೊಂದಿಗೆ ಒಬ್ಬ ಮುಖ್ಯೋಪಾಧ್ಯಾಯರಿದ್ದಾರೆ. ಕುಡಿಯುವ ನೀರಾಗಲಿ ಶೌಚಾಲಯವಾಗಲಿ ಇಲ್ಲ. ಕಳೆದ ವರ್ಷದವರೆಗೆ ಮಕ್ಕಳನ್ನು ಕರೆತರಲು ಒಂದು ಬಸ್ಸು ಮತ್ತು ಎರಡು ಟೆಂಪೋಗಳಿದ್ದವು.’

ಮೊದಲ ವಾಕ್ಯದ ಮೊದಲ ಕರಡು ‘ದೇರ್ ಈಸ್ ಎ ಪ್ರೈಮರಿ ಸ್ಕೂಲ್, ಟೂ ಅಂಗನವಾಡೀಸ್ ಆ್ಯಂಡ್ ಎ ಕಮ್ಯುನಿಟಿ ಹಾಲ್ ಇನ್ ಅವರ್ ವಿಲೇಜ್’ ಎಂದು ಬಂತು. ನಾಮಪದಗಳನ್ನು ಮುಂದಕ್ಕೆ ತಂದು ನೋಡಿದರೆ ಕ್ರಿಯಾಪದ ‘ಆರ್’ ಆಗಬೇಕು. ‘ಆರ್’ ಹಾಕಿದರೆ ‘ಆರ್ ಎ ಪ್ರೈಮರಿ ಸ್ಕೂಲ್’ ಎಂದು ಎಡವುತ್ತದೆ. ಅಂಗನವಾಡಿಗಳನ್ನು ಮುಂದಕ್ಕೆ ತರಬಹುದು, ಆದರೆ ಅರ್ಜಿ ಇರುವುದು ಶಾಲೆಯ ಬಗ್ಗೆ. ಶಾಲೆಯೇ ಮೊದಲು ಬರಬೇಕು. ಕ್ರಿಯಾಪದವನ್ನು ಸರಿಪಡಿಸಲು ಹೋಗಿ ಒತ್ತು ಬೀಳಬೇಕಾದ ವಿಷಯವನ್ನು ಹಿಂದಕ್ಕೆ ತಳ್ಳಬಾರದು. ಆದ್ದರಿಂದ ಇಲ್ಲಿ ಊರನ್ನು ಕರ್ತೃವಾಗಿಸುವುದು ಸೂಕ್ತ: ‘ಅವರ್ ವಿಲೇಜ್ ಹ್ಯಾಸ್ ಎ ಪ್ರೈಮರಿ ಸ್ಕೂಲ್, ಟೂ ಅಂಗನವಾಡೀಸ್ ಆ್ಯಂಡ್ ಎ ಕಮ್ಯುನಿಟಿ ಹಾಲ್’.

ಎರಡನೆಯ ವಾಕ್ಯದ ಕರಡು ‘ದೇರ್ ಆರ್ ಎ ಹೆಡ್‌ಮಾಸ್ಟರ್ ಅಲಾಂಗ್ ವಿತ್ ಟೂ ಅಸಿಸ್ಟೆಂಟ್ ಟೀಚರ್ಸ್’. ಇಲ್ಲಿ ಎರಡು ಕಾರಣಗಳು ಸೇರಿ ‘ಆರ್’ ಬಂದಿದೆ. ಒಂದು, ‘ಇದ್ದಾರೆ’ ಎಂಬ ಗೌರವದ ಬಹುವಚನ. ಇನ್ನೊಂದು, ಇಬ್ಬರು ಶಿಕ್ಷಕರು. ಗೌರವದ ಬಹುವಚನ ಇಂಗ್ಲಿಷಿಗೆ ಬರುವುದಿಲ್ಲ, ‘ಅಲಾಂಗ್ ವಿತ್’ ನಂತರದ ಶಿಕ್ಷಕರು ಕರ್ತೃವಿನ ಲೆಕ್ಕಕ್ಕೆ ಸೇರುವುದಿಲ್ಲ. ಉಳಿದದ್ದು ಒಬ್ಬ ಮುಖ್ಯೋಪಾಧ್ಯಾಯರು, ಹಾಗಾಗಿ ‘ದೇರ್ ಈಸ್ ಎ ಹೆಡ್‌ಮಾಸ್ಟರ್ ಅಲಾಂಗ್ ವಿತ್ ಟೂ ಅಸಿಸ್ಟೆಂಟ್ ಟೀಚರ್ಸ್’.

ಮೂರನೆಯದರಲ್ಲಿ ನೀರು ಎಣಿಸಲಾಗದ ನಾಮಪದ, ಶೌಚಾಲಯ ಏಕವಚನ, ಎರಡನ್ನೂ ಕೂಡಿಸುವುದು ‘ಓರ್’. ‘ದೇರ್ ಈಸ್ ನೋ ಡ್ರಿಂಕಿಂಗ್ ವಾಟರ್ ಓರ್ ಟಾಯ್ಲೆಟ್’ ಎಂದರೆ ಆಯಿತು. ಇಲ್ಲದ ಎರಡೂ ಸೌಲಭ್ಯಗಳಿಗೆ ಸಮನಾಗಿ ಒತ್ತು ಬೇಕೆನಿಸಿದರೆ ‘ದೇರ್ ಈಸ್ ನೋ ಡ್ರಿಂಕಿಂಗ್ ವಾಟರ್ ಆ್ಯಂಡ್ ನೋ ಟಾಯ್ಲೆಟ್’ ಎಂದೂ ಬರೆಯಬಹುದು. ‘ನೋ’ ಎರಡು ಸಲ ಬಂದಾಗ ಪ್ರತಿಯೊಂದನ್ನೂ ಬೇರೆಯಾಗಿ ನಿರಾಕರಿಸಿದಂತಾಗುವುದರಿಂದ ‘ಆ್ಯಂಡ್’ ಇದ್ದರೂ ‘ಈಸ್’ ಸಹಜವಾಗಿಯೇ ನಿಲ್ಲುತ್ತದೆ.

ನಾಲ್ಕನೆಯದು ಭೂತಕಾಲದ್ದು. ‘ಈಸ್’ ಮತ್ತು ‘ಆರ್’ ಜಾಗದಲ್ಲಿ ‘ವಾಸ್’ ಮತ್ತು ‘ವರ್’ ಬರುತ್ತವೆ, ಪರಿಶೀಲಿಸುವ ಕ್ರಮ ಬದಲಾಗುವುದಿಲ್ಲ. ‘ದೇರ್ ವರ್ ಎ ಬಸ್ ಆ್ಯಂಡ್ ಟೂ ಟೆಂಪೋಸ್’ ಎಂಬುದು ನಿಯಮಕ್ಕೆ ಸರಿಯಾದರೂ ಎಡವುತ್ತದೆ. ಬಸ್ಸು ಮೊದಲು ಬರಲೇಬೇಕೆಂಬ ಕಾರಣ ಇಲ್ಲಿ ಇಲ್ಲದ್ದರಿಂದ ಸ್ಥಾನ ಬದಲಿಸಿ ‘ದೇರ್ ವರ್ ಟೂ ಟೆಂಪೋಸ್ ಆ್ಯಂಡ್ ಎ ಬಸ್’ ಎಂದು ಬರೆಯುವುದು ಸಾಕು. ಇವು ಕಳೆದ ವರ್ಷದಿಂದ ಈವರೆಗೂ ಇವೆ ಎಂದು ಹೇಳಬೇಕಾಗಿದ್ದರೆ ‘ದೇರ್ ಹ್ಯಾವ್ ಬೀನ್’ ಎಂದಾಗುತ್ತಿತ್ತು. ‘ಹ್ಯಾಸ್’ ಮತ್ತು ‘ಹ್ಯಾವ್’ ನಡುವಿನ ಆಯ್ಕೆಗೂ ಇದೇ ಪರೀಕ್ಷೆ ಸಾಕು. ಮುಂದೆ ಇರಲಿವೆ ಎಂದು ಹೇಳುವ ‘ದೇರ್ ವಿಲ್ ಬಿ’ ರೂಪದಲ್ಲಿ ವಚನಕ್ಕೆ ತಕ್ಕಂತೆ ಬದಲಾಗುವ ಭಾಗವೇ ಇಲ್ಲ. ‘ದೇರ್ ಸೀಮ್ಸ್ ಟು ಬಿ’ ಎಂಬಲ್ಲಿ ಮಾತ್ರ ಎಚ್ಚರವಿರಲಿ: ಅಲ್ಲಿ ‘ಬಿ’ ಬದಲಾಗದೆ ‘ಸೀಮ್’ ಬದಲಾಗುತ್ತದೆ. ಆದ್ದರಿಂದ ಅರ್ಜಿಯ ಕೊನೆಗೆ ಎರಡು ಟೆಂಪೋಗಳೂ ಒಂದು ಬಸ್ಸೂ ಪಕ್ಕದ ಡಿಪೋದಲ್ಲಿ ಇರುವಂತೆ ಕಾಣುತ್ತದೆ ಎಂದು ಸೇರಿಸಬೇಕಾದರೆ ‘ದೇರ್ ಸೀಮ್ ಟು ಬಿ ಟೂ ಟೆಂಪೋಸ್ ಆ್ಯಂಡ್ ಎ ಬಸ್ ಅಟ್ ದ ನಿಯರ್‌ಬೈ ಡಿಪೋ’ ಎಂದು, ‘ಸೀಮ್’ಗೆ ‘ಸ್’ ಸೇರಿಸದೆ ಬರೆಯಬೇಕು.